ತಿಂಗಳಿಗೆ ಇಷ್ಟು ಅನ್ನಬೇಡಿ, ಒಟ್ಟು ಇಷ್ಟೇ ಅನ್ನಿ

"ವಯಸ್ಸು 33, ಮೈಸೂರಲ್ಲಿ ಕೆಲಸ. ಪಿಎಫ್, ಟ್ಯಾಕ್ಸ್ ಎಲ್ಲ ಕಳೆದು ಕೈಗೆ 85,000 ಬರುತ್ತೆ. ಮನೆ ಖರ್ಚು 48,000, ಇನ್ಶೂರೆನ್ಸ್ 3,000. ಮಗಳ ಕಾಲೇಜಿಗೆ 14 ವರ್ಷದಲ್ಲಿ 40 ಲಕ್ಷ ಬೇಕು, ಅದಕ್ಕೆ 11,000 ಎಸ್‌ಐಪಿ. ನಿವೃತ್ತಿಗೆ 15,000. ಫಂಡ್‌ಗಳಲ್ಲಿ ಒಟ್ಟು 12 ಲಕ್ಷ ಇದೆ, ಕಷ್ಟಕಾಲಕ್ಕೆ ಅಂತ ಬ್ಯಾಂಕಲ್ಲಿ 1.8 ಲಕ್ಷ. ಉಳಿಯೋ 8,000ದಲ್ಲಿ 5,000 ಪ್ರತಿ ತಿಂಗಳು ಬಿಟ್‌ಕಾಯಿನ್‌ಗೆ ಹಾಕಿದ್ರೆ ತಪ್ಪಾ? ಎಷ್ಟು ಪರ್ಸೆಂಟ್ ತನಕ ಓಕೆ?"

ಈಗ ಸೊನ್ನೆ. ಸುಮಾರು 16 ತಿಂಗಳ ನಂತರ, ಒಟ್ಟು 50,000. ಈ ಎರಡು ಅಂಕಿ ಎಲ್ಲಿಂದ ಬಂದವು ಅಂತ ಬಿಡಿಸಿ ಹೇಳುತ್ತೇನೆ, ಸಂಬಳ ಬದಲಾದಾಗ ನೀವೇ ಮತ್ತೆ ಲೆಕ್ಕ ಹಾಕಿಕೊಳ್ಳಬಹುದು.

ಮೊದಲು ಸೊನ್ನೆ ಯಾಕೆ. ಸಂಬಳ ನಿಂತರೂ ನಿಲ್ಲದ ಖರ್ಚು ನಿಮಗೆ ತಿಂಗಳಿಗೆ 51,000. ಆರು ತಿಂಗಳಿಗೆ 3 ಲಕ್ಷ ದಾಟುತ್ತದೆ, ಇರುವುದು 1.8 ಲಕ್ಷ. ಕೊರತೆ 1.26 ಲಕ್ಷ, ತಿಂಗಳಿಗೆ 8,000ದಂತೆ ತುಂಬಲು 16 ತಿಂಗಳು ಬೇಕು. ಈ ಕೊರತೆ ಇರುವಾಗ ಕ್ರಿಪ್ಟೋ ಕೊಂಡರೆ, ಕೆಲಸ ಹೋದ ದಿನ ಮಾರುಕಟ್ಟೆ ಯಾವ ದರ ಕೊಡುತ್ತದೋ ಆ ದರಕ್ಕೆ ಮಾರಬೇಕಾಗುತ್ತದೆ. ಕಂಪನಿಗಳು ಜನರನ್ನು ತೆಗೆಯುವ ಕಾಲಕ್ಕೇ ಇಂಥವೆಲ್ಲ ಬಿದ್ದಿರುವುದೂ ಉಂಟು: 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರ ಇದ್ದ ಬಿಟ್‌ಕಾಯಿನ್, 2022ರ ನವೆಂಬರ್‌ನಲ್ಲಿ 16,000 ಡಾಲರ್ ಆಸುಪಾಸಿಗೆ ಇಳಿದಿತ್ತು.

ಇನ್ನು ಆ ತಿಂಗಳ 5,000. ನಿಮ್ಮ ಯೋಜನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಬಿಟ್‌ಕಾಯಿನ್‌ಗಿಂತ "ಪ್ರತಿ ತಿಂಗಳು" ಅನ್ನುವ ಮಾತು. ಅದಕ್ಕೆ ತುದಿಯೇ ಇಲ್ಲ. ಮಗಳ ಎಸ್‌ಐಪಿಗೆ ವರ್ಷಕ್ಕೆ ಶೇ. 10 ಬರುತ್ತದೆ ಅಂತ ಇಟ್ಟುಕೊಂಡರೆ 11,000 ರೂಪಾಯಿ 14 ವರ್ಷದಲ್ಲಿ 40 ಲಕ್ಷ ಆಗುತ್ತದೆ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಅದೇ ದರದಲ್ಲಿ ತಿಂಗಳಿಗೆ 5,000 ಅಂದರೆ ಸುಮಾರು 18 ಲಕ್ಷ. ಕಾಲೇಜಿನ ಖರ್ಚಿನ ಅರ್ಧದಷ್ಟು ಬೆಲೆಯ ಹಣವನ್ನು ನೀವು ಪಣಕ್ಕಿಡುತ್ತಿದ್ದೀರಿ. ತಿಂಗಳ ಕಂತಾಗಿ ಹೋಗುವುದರಿಂದ ಚಿಕ್ಕದು ಅನ್ನಿಸುತ್ತದೆ, ಅಷ್ಟೇ.

ಬದಲಿಗೆ ಹೀಗೆ ಕೇಳಿಕೊಳ್ಳಿ: ಹಾಕಿದ ಅಷ್ಟೂ ಹಣ ನಾಳೆ ಸೊನ್ನೆಯಾದರೆ, ನನ್ನ ಗುರಿಗಳು ಎಷ್ಟು ತಿಂಗಳು ಹಿಂದೆ ಹೋಗುತ್ತವೆ? ಗುರಿಗಳಿಗೆ ನೀವು ತಿಂಗಳಿಗೆ 26,000 ಹಾಕುತ್ತಿದ್ದೀರಿ. 50,000 ಅಂದರೆ ಎರಡು ತಿಂಗಳ ಉಳಿತಾಯಕ್ಕಿಂತ ಸ್ವಲ್ಪ ಕಡಿಮೆ. ಆ 50,000ವನ್ನು ಮಗಳ ಫಂಡ್‌ಗೇ ಹಾಕಿದ್ದರೆ 14 ವರ್ಷದಲ್ಲಿ 1.9 ಲಕ್ಷ ಆಗುತ್ತಿತ್ತು. ಅದು ಪೂರ್ತಿ ಹೋದರೂ ಎಸ್‌ಐಪಿಯನ್ನು ತಿಂಗಳಿಗೆ 500 ಚಿಲ್ಲರೆ ರೂಪಾಯಿ ಏರಿಸಿದರೆ ಹಳ್ಳ ಮುಚ್ಚಿಹೋಗುತ್ತದೆ. ಇದು ತಡೆದುಕೊಳ್ಳುವ ನಷ್ಟ. 12 ಲಕ್ಷದ ಶೇ. 20, ಅಂದರೆ 2.4 ಲಕ್ಷ ಹೋದರೆ ಒಂಬತ್ತು ತಿಂಗಳ ಶ್ರಮ ಮಣ್ಣುಪಾಲು.

ಎಲ್ಲರೂ ಹೇಳುವ ಶೇ. 5 ಕೂಡ ಇಲ್ಲಿಗೇ ಹತ್ತಿರ ಬರುತ್ತದೆ: 12 ಲಕ್ಷಕ್ಕೆ 60,000. ಆದರೆ ಆ ಶೇ. 5 ಯಾವುದರದ್ದು ಅನ್ನುವುದರಲ್ಲೇ ಜನ ಎಡವುವುದು. ಮನೆ, ಸೈಟು, ಪಿಎಫ್, ಒಡವೆ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಲಕ್ಷಗಟ್ಟಲೆ ಸಿಗುತ್ತದೆ, ನಷ್ಟ ಬಂದಾಗ ಮಾತ್ರ ತುಂಬಬೇಕಾದದ್ದು ತಿಂಗಳ ಸಂಬಳದಿಂದ. ಹಾಗಾಗಿ ಫಂಡ್‌ಗಳ ಶೇ. 5 ಅಥವಾ ಎರಡು ತಿಂಗಳ ಎಸ್‌ಐಪಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಿರಿ. ಇದು ನನ್ನ ಅಳತೆ, ಶಾಸ್ತ್ರವೇನಲ್ಲ. ಎಫ್‌ & ಓದಲ್ಲಿ ಆಪ್ಷನ್ ಕೊಳ್ಳುವುದು, ಸ್ನೇಹಿತರು ಹೇಳಿದ ಪೆನ್ನಿ ಷೇರು, ಎಲ್ಲವೂ ಇದೇ 50,000ದೊಳಗೆ ಬರಬೇಕು. ಸಾಲ ಮಾಡಿ ಆಡುವ ಅಥವಾ ಮಾರ್ಜಿನ್ ಕೇಳುವ ಯಾವುದೂ ಬೇಡ, ಅಲ್ಲಿ ಕಟ್ಟಿದ ಹಣಕ್ಕಿಂತ ಹೆಚ್ಚು ಹೋಗಬಹುದಾದ್ದರಿಂದ ಮಿತಿಗೆ ಅರ್ಥವೇ ಉಳಿಯುವುದಿಲ್ಲ.

ಸೊನ್ನೆಯಾಗುತ್ತದೆ ಅಂತ ಅಂದುಕೊಳ್ಳುವುದು ಅತಿ ಅನ್ನಿಸಿದರೆ, 2022ರ ಮೇ ತಿಂಗಳಲ್ಲಿ ಲೂನಾ ಅನ್ನುವ ಕಾಯಿನ್ ಕೆಲವೇ ದಿನಗಳಲ್ಲಿ ಎಂಬತ್ತು ಡಾಲರ್‌ನಿಂದ ಒಂದು ಸೆಂಟ್‌ಗೂ ಕೆಳಗೆ ಬಿತ್ತು. ಕಾಯಿನ್ ಚೆನ್ನಾಗಿದ್ದರೂ ಇಟ್ಟ ಜಾಗ ಕೈಕೊಡಬಹುದು: 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನುವ ಕ್ರಿಪ್ಟೋ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಕಳುವಾಗಿ, ಗ್ರಾಹಕರ ಕ್ರಿಪ್ಟೋ ಒಂದು ವರ್ಷಕ್ಕೂ ಮೀರಿ ಸಿಕ್ಕಿಹಾಕಿಕೊಂಡಿತ್ತು.

16 ತಿಂಗಳಾದ ಮೇಲೆ ಮಾಡುವುದು ಇಷ್ಟು. ಬೇರೆ ಒಂದು ಉಳಿತಾಯ ಖಾತೆ ತೆರೆಯಿರಿ, ಎಕ್ಸ್‌ಚೇಂಜ್‌ಗೆ ಆ ಖಾತೆಯೊಂದನ್ನೇ ಜೋಡಿಸಿ. ತಿಂಗಳಿಗೆ 5,000ದಂತೆ ಹತ್ತು ತಿಂಗಳು ಹಾಕಿ ನಿಲ್ಲಿಸಿ. ಉಳಿದ 3,000, ಆಮೇಲೆ ಪೂರ್ತಿ 8,000, ಗುರಿಗಳಿಗೇ ಹೋಗಲಿ. ಬೆಲೆ ಬಿದ್ದಾಗ "ಆವರೇಜ್ ಮಾಡೋಣ" ಅಂತ ಇನ್ನಷ್ಟು ಸುರಿಯಬೇಡಿ, ಹಾಕಿದ ಒಟ್ಟು ಮೊತ್ತಕ್ಕೇ ಮಿತಿ ಇರುವುದು. "ಈ ತಿಂಗಳು ಒಂದು ಎಸ್‌ಐಪಿ ಬಿಟ್ಟರಾಯಿತು" ಅನ್ನುವ ಯೋಚನೆ ಬಂದರೆ ಮಿತಿ ಆಗಲೇ ಒಡೆದಿದೆ ಅಂತ ತಿಳಿಯಿರಿ.

ಏರಿದಾಗಲೂ ತೊಂದರೆ ಇದೆ, ಇದನ್ನು ಯಾರೂ ಯೋಚಿಸಿರುವುದಿಲ್ಲ. 50,000 ಏರಿ 2 ಲಕ್ಷ ಆಯಿತು, ಅಷ್ಟರಲ್ಲಿ ಫಂಡ್‌ಗಳು 16 ಲಕ್ಷ ಆಗಿವೆ ಅನ್ನಿ. ಈಗ ಕ್ರಿಪ್ಟೋ ಒಟ್ಟು ಹಣದ ಶೇ. 11. ಬಿದ್ದರೆ ನೋಯುವ ಮಟ್ಟಕ್ಕೆ ಬಂದಿದೆ. ಶೇ. 10 ದಾಟಿದಾಗ ಮಾರಿ ಶೇ. 5ರ ಹತ್ತಿರ ಇಳಿಸಿ. 1.2 ಲಕ್ಷದ್ದು ಮಾರಿದರೆ ಅದರ ಅಸಲು 30,000, ಲಾಭ 90,000. ತೆರಿಗೆ ನೇರ ಶೇ. 30, ಸೆಸ್ ಸೇರಿ 31.2, ಅಂದರೆ 28,080. ಇದರಲ್ಲಿ 1,200 ಟಿಡಿಎಸ್ ಆಗಿ ಮಾರುವಾಗಲೇ ಕಡಿತವಾಗಿರುತ್ತದೆ. ಉಳಿದ 26,880 ಅನ್ನು ಮುಟ್ಟದೆ ಬೇರೆ ಇಡಿ, ಅಡ್ವಾನ್ಸ್ ಟ್ಯಾಕ್ಸ್ ಕಂತಿನಲ್ಲಿ ಕಟ್ಟಬೇಕಾಗುತ್ತದೆ. ಗುರಿಗಳಿಗೆ ಸಿಗುವುದು ಸುಮಾರು 92,000. ನೀವು ಹಾಕಿದ ಅಷ್ಟೂ ಹಣ ವಾಪಸ್ ಬಂದು ಮೇಲೆ 42,000 ಮಿಕ್ಕಿತು, ಇನ್ನೂ 80,000 ಆಟದಲ್ಲೇ ಇದೆ.

ಇದೇ ತೆರಿಗೆ ನಿಯಮದ ಕಾರಣಕ್ಕೆ ಹತ್ತಾರು ಕಾಯಿನ್ ಕೊಂಡು ಮಾರುವ ಆಟ ಬೇಡ. ಒಂದರಲ್ಲಿ 40,000 ಲಾಭ, ಇನ್ನೊಂದರಲ್ಲಿ 40,000 ನಷ್ಟ ಮಾಡಿಕೊಂಡು ಮಾರಿದರೆ ನಿಮ್ಮ ಕೈಗೆ ಬಂದದ್ದು ಏನೂ ಇಲ್ಲ, ಆದರೂ 12,480 ತೆರಿಗೆ ಕಟ್ಟಬೇಕು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೆ ಅದೂ ಮಾರಾಟವೇ. ಬಿಟ್‌ಕಾಯಿನ್ ಒಂದೇ ಸಾಕು ಅಂತ ನೀವು ಅಂದುಕೊಂಡಿರುವುದು ಈ ಮಟ್ಟಿಗೆ ಸರಿ. ಪ್ರತಿ ಖರೀದಿಯ ದಿನಾಂಕ, ಕೊಟ್ಟ ರೂಪಾಯಿ ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ರಿಟರ್ನ್‌ನಲ್ಲಿ ಕೊಂಡ ಬೆಲೆ ತೋರಿಸಬೇಕಾದಾಗ ಎಕ್ಸ್‌ಚೇಂಜ್ ಮುಚ್ಚಿಹೋಗಿದ್ದರೆ ಆ ಹಾಳೆಯೂ ಬ್ಯಾಂಕ್ ಸ್ಟೇಟ್‌ಮೆಂಟೂ ಬಿಟ್ಟರೆ ಬೇರೆ ದಾಖಲೆ ನಿಮ್ಮ ಬಳಿ ಇರುವುದಿಲ್ಲ.