ಬಾಗಿಲು ತೆರೆದವರೇ ಯಾಕೆ ಜಾಸ್ತಿ ಸಿಗುತ್ತಾರೆ?

ಪ್ರಶ್ನೆ: ನಮ್ಮದು ಮನೆ ಮನೆ ಸಮೀಕ್ಷೆ. ಮನೆಯ ವಯಸ್ಕರಲ್ಲಿ ಯಾರ ಹುಟ್ಟುಹಬ್ಬ ಇತ್ತೀಚೆಗೆ ಆಗಿದೆಯೋ ಅವರನ್ನೇ ಮಾತಾಡಿಸಿ ಎಂದು ಹುಡುಗರಿಗೆ ಹೇಳಿದ್ದೇನೆ. ಆದರೂ ಬಾಗಿಲು ತೆರೆದವರೇ ಜಾಸ್ತಿ ಬರುತ್ತಿದ್ದಾರೆ ಅಂತ ಅನುಮಾನ. ಏನು ಮಾಡಲಿ?

ಉತ್ತರ: ಅನುಮಾನ ನಿಜವೇ ಎಂದು ಮೊದಲು ಎಣಿಸಿ ನೋಡಿ. ಇಬ್ಬರೇ ವಯಸ್ಕರಿರುವ ಮನೆಗಳನ್ನಷ್ಟೇ ತೆಗೆದುಕೊಳ್ಳಿ. ಆಯ್ಕೆ ಸರಿಯಾಗಿದ್ದರೆ ಅವುಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಮಾತ್ರ ಬಾಗಿಲು ತೆರೆದವರು ಆಯ್ಕೆಯಾಗಬೇಕು, ಅಲ್ವಾ? ಅಂಥ 120 ಮನೆಗಳಿದ್ದರೆ 60ರ ಆಸುಪಾಸು ಬರಬೇಕು. 50 ಬಂದರೂ 70 ಬಂದರೂ ಚಿಂತೆಯಿಲ್ಲ. 85 ಬಂದರೆ ಅದು ಆಕಸ್ಮಿಕ ಅಲ್ಲ, ನಿಯಮ ಪಾಲನೆಯಾಗಿಲ್ಲ. ಬಾಗಿಲು ತೆರೆದವರು ಯಾರು ಎಂದು ಫಾರಂನಲ್ಲಿ ಬರೆಸಿಲ್ಲದಿದ್ದರೆ ಇವತ್ತಿನಿಂದಲೇ ಬರೆಸಿ.

ಹುಟ್ಟುಹಬ್ಬದ ನಿಯಮ ಕೇಳಲು ಸುಲಭ, ಆದರೆ ಅದು ಪೂರ್ತಿ ಬಾಗಿಲಲ್ಲಿ ನಿಂತವರ ಮಾತಿನ ಮೇಲೆ ನಿಂತಿದೆ. ಅವರಿಗೆ ಉಳಿದವರ ತಾರೀಕು ನೆನಪಿರುವುದಿಲ್ಲ, ಅಥವಾ ಸುಮ್ನೆ "ನಂದೇ" ಎಂದುಬಿಡುತ್ತಾರೆ, ಹುಡುಗರಿಗೂ ಅದೇ ಅನುಕೂಲ. ಆಮೇಲೆ ಪರೀಕ್ಷಿಸೋಣ ಎಂದರೆ ಏನೂ ದಾಖಲೆ ಉಳಿದಿರುವುದಿಲ್ಲ.

ಹಾಗಾಗಿ ಕಿಶ್ ಗ್ರಿಡ್ ಬಳಸಿ ಎಂದೇ ನಾನು ಹೇಳುತ್ತೇನೆ. ಲೆಸ್ಲಿ ಕಿಶ್ 1949ರಲ್ಲಿ ಕೊಟ್ಟ ವಿಧಾನ ಇದು. ಮೊದಲು ಮನೆಯ ಎಲ್ಲ ವಯಸ್ಕರ ಪಟ್ಟಿ: ಗಂಡಸರು ಹಿರಿಯರಿಂದ ಕಿರಿಯರಿಗೆ, ಆಮೇಲೆ ಹೆಂಗಸರು ಅದೇ ಕ್ರಮದಲ್ಲಿ. ಒಂದು ಮನೆಯಲ್ಲಿ 61 ಮತ್ತು 30 ವರ್ಷದ ಗಂಡಸರು, 57 ಮತ್ತು 28 ವರ್ಷದ ಹೆಂಗಸರು ಇದ್ದಾರೆ ಎನ್ನಿ. ಅವರಿಗೆ ಇದೇ ಸಾಲಿನಲ್ಲಿ 1ರಿಂದ 4ರವರೆಗೆ ನಂಬರು. ಕಿಶ್ ಬಳಸಿದ್ದು ಎಂಟು ಕೋಷ್ಟಕ. ಅವುಗಳಲ್ಲಿ ಒಂದನ್ನು ಪ್ರತಿ ಫಾರಂ ಮೇಲೂ ಕಚೇರಿಯಲ್ಲೇ ಅಚ್ಚು ಹಾಕಿರುತ್ತಾರೆ. ಈ ಫಾರಂನಲ್ಲಿರುವ ಕೋಷ್ಟಕ "ನಾಲ್ವರಿದ್ದರೆ 3ನೆಯವರು" ಎನ್ನುತ್ತದೆ ಎಂದುಕೊಳ್ಳಿ. ಬಾಗಿಲು ತೆರೆದದ್ದು 61ರ ಯಜಮಾನರೇ ಆಗಿರಲಿ, ಮಾತಾಡಿಸಬೇಕಾದ್ದು 57ರ ಆ ಹೆಂಗಸನ್ನು. ಹುಡುಗರ ಕೈಯಲ್ಲಿ ಆಯ್ಕೆಯೇ ಇಲ್ಲ, ಮತ್ತು ಪಟ್ಟಿ ಫಾರಂನಲ್ಲೇ ಇರುವುದರಿಂದ ಮೇಲ್ವಿಚಾರಕರು ಇನ್ನೊಮ್ಮೆ ಹೋಗಿ ತಾಳೆ ನೋಡಬಹುದು.

ಇದರ ಕಷ್ಟವನ್ನೂ ಹೇಳಬೇಕು. ಅಪರಿಚಿತರು ಬಂದು ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂದು ಕೇಳಿದರೆ ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಹೆಸರು ಬೇಡ, ವಯಸ್ಸು ಮತ್ತು ಗಂಡೋ ಹೆಣ್ಣೋ ಎಂಬುದು ಸಾಕು. ಇಷ್ಟಕ್ಕೇ ಎಷ್ಟೋ ಜನ ಒಪ್ಪುತ್ತಾರೆ.

ಆ ಹೆಂಗಸು ಮನೆಯಲ್ಲಿಲ್ಲದಿದ್ದರೆ? ಬೇರೆ ಹೊತ್ತಿಗೆ, ಬೇರೆ ದಿನ ಮತ್ತೆ ಹೋಗಬೇಕು. ಕಡೆಗೂ ಸಿಗದಿದ್ದರೆ "ಸಿಗಲಿಲ್ಲ" ಎಂದು ಬರೆಯಿರಿ. ದಯವಿಟ್ಟು ಮನೆಯಲ್ಲಿದ್ದ ಇನ್ನೊಬ್ಬರನ್ನು ಕೂರಿಸಿ ಫಾರಂ ತುಂಬಿಸಬೇಡಿ. ಹಾಗೆ ಮಾಡಿದರೆ ಹೆಚ್ಚು ಹೊತ್ತು ಮನೆಯಲ್ಲಿರುವವರೇ ಮತ್ತೆ ತುಂಬಿಕೊಳ್ಳುತ್ತಾರೆ.

ಲೆಕ್ಕ ಹಾಕುವಾಗ ಒಂದು ಮಾತು ನೆನಪಿಡಿ. ಒಬ್ಬರೇ ಇರುವ ಮನೆಯವರು ಖಂಡಿತ ಆಯ್ಕೆಯಾಗುತ್ತಾರೆ, ನಾಲ್ವರ ಮನೆಯಲ್ಲಿ ಒಬ್ಬರಿಗೆ ನಾಲ್ಕರಲ್ಲಿ ಒಂದು ಅವಕಾಶ. ಅದಕ್ಕೇ ಆ ಹೆಂಗಸಿನ ಉತ್ತರಕ್ಕೆ 4ರ ತೂಕ ಕೊಡಬೇಕು, ಒಂಟಿಯಾಗಿರುವವರ ಉತ್ತರಕ್ಕೆ 1.