ಬಾಕಿ ಸಂಬಳ ಕೇಳುವ ಪತ್ರ

ಪ್ರಶ್ನೆ: ಸಣ್ಣ ಕಂಪನಿ ಬಿಟ್ಟು ಎರಡು ತಿಂಗಳಾಯ್ತು. ಕೊನೆಯ ಸಂಬಳ, ಸೆಟ್ಲ್‌ಮೆಂಟ್ ಎರಡೂ ಬಂದಿಲ್ಲ. ಜಗಳ ಆಗದ ಹಾಗೆ, ಆದ್ರೆ ಗಟ್ಟಿಯಾಗಿ ಹೇಗೆ ಬರೆಯಲಿ?

ಉತ್ತರ: ಮೊದಲು ಲೆಕ್ಕ ಹಾಕಿ. ಸಣ್ಣ ಕಡೆ ಲೆಕ್ಕ ನೋಡುವವರೂ ಮಾಲೀಕರೇ ಆಗಿರುತ್ತಾರೆ. ಸುಮ್ನೆ ‘ಬಾಕಿ ಕೊಡಿ’ ಅಂದರೆ ‘ನೋಡೋಣ’ ಅಂತಾರೆ, ಅಷ್ಟೇ.

ತಿಂಗಳ ಸಂಬಳ 30,000 ಅಂದುಕೊಳ್ಳಿ. 30 ದಿನದ ತಿಂಗಳಲ್ಲಿ 18ನೇ ತಾರೀಖಿನವರೆಗೆ ಕೆಲಸ ಮಾಡಿದ್ದರೆ 18,000. ಉಳಿದ ರಜೆಗೆ ದುಡ್ಡು ಕೊಡುವುದು ಒಪ್ಪಂದದಲ್ಲಿದ್ದರೆ 6 ದಿನಕ್ಕೆ 6,000. ಆಫೀಸಿಗಾಗಿ ಕೈಯಿಂದ ಹಾಕಿದ ಖರ್ಚು 1,500. ನೋಟಿಸ್ ಅವಧಿ 3 ದಿನ ಕಮ್ಮಿಯಾಗಿದ್ದು, ಅದಕ್ಕೆ ಸಂಬಳ ಹಿಡಿಯುವ ಷರತ್ತಿದ್ದರೆ 3,000 ನೀವೇ ಕಳೆದುಬಿಡಿ. ತೆರಿಗೆ ಕಡಿತಕ್ಕೆ ಮುಂಚೆ 22,500 ಉಳಿಯಿತು. ನಿಮಗೆ ನಷ್ಟವಾಗುವ ಮೊತ್ತವನ್ನೂ ಮುಚ್ಚಿಡದೆ ತೋರಿಸಿದರೆ ತಕರಾರಿಗೆ ಜಾಗ ಕಮ್ಮಿ.

ಪತ್ರದಲ್ಲಿ ಮೊದಲು ಈ ಲೆಕ್ಕ ಬರೆಯಿರಿ, ಅದರ ಕೆಳಗೆ ಹೀಗಿರಲಿ:

‘ನಾನು 18ರಂದು ಕೆಲಸ ಬಿಟ್ಟೆ. ಲ್ಯಾಪ್‌ಟಾಪ್, ಕೀಲಿ ಅದೇ ದಿನ ಒಪ್ಪಿಸಿದ್ದೇನೆ, ರಸೀದಿ ಜೊತೆಗಿದೆ. ಮೇಲಿನ ಲೆಕ್ಕದಂತೆ ಬಾಕಿಯನ್ನು ಮುಂದಿನ ತಿಂಗಳ 10ರೊಳಗೆ ನನ್ನ ಖಾತೆಗೆ ಹಾಕಿ. ಯಾವುದಾದರೂ ಮೊತ್ತಕ್ಕೆ ಆಕ್ಷೇಪವಿದ್ದರೆ, ನೀವು ಒಪ್ಪುವಷ್ಟನ್ನು ಈಗಲೇ ಕೊಟ್ಟು, ಉಳಿದದ್ದಕ್ಕೆ ಕಾರಣವನ್ನು ಬರೆದು ತಿಳಿಸಿ.’

ಆ ಕೊನೆಯ ವಾಕ್ಯ ಬಿಡಬೇಡಿ. ಒಂದು ಖರ್ಚಿನ ಬಿಲ್ ಹಿಡಿದುಕೊಂಡು ಇಡೀ ಸಂಬಳ ತಡೆಯೋದು ಹಳೇ ದಾರಿ ಅಲ್ವಾ?

ಬಾಸ್ ಹೇಗಿದ್ದರು, ಯಾಕೆ ಬಿಟ್ಟಿರಿ, ಇದೆಲ್ಲ ಬೇಡ. ಕಾರ್ಮಿಕ ಇಲಾಖೆಗೆ ದೂರು ಕೊಡುವ ಮಾತು ಎರಡನೇ ಪತ್ರಕ್ಕಿರಲಿ, ಅದೂ ನಿಜವಾಗಿ ಕೊಡುವುದಿದ್ದರೆ ಮಾತ್ರ. ಇಮೇಲ್‌ನಲ್ಲೇ ಕಳಿಸಿ. ಫೋನಲ್ಲಿ ‘ಮುಂದಿನ ವಾರ’ ಅಂದರೆ, ಅದನ್ನೂ ಅವತ್ತೇ ಒಂದು ಸಾಲು ಬರೆದು ಕಳಿಸಿ.