ಮದುವೆ ದಿನಕ್ಕೆ ಯಾವ ಸೆಂಟ್?

ಮೇ ತಿಂಗಳಲ್ಲಿ ಮದುವೆ. ಬೆಳಗಿನ ಶಾಸ್ತ್ರದಿಂದ ಸಂಜೆ ಆರತಕ್ಷತೆವರೆಗೆ ಬಾಳುವ ಸೆಂಟ್ ಯಾವುದು?

ಶ್ರೀಗಂಧದ ಎಣ್ಣೆಯಲ್ಲೇ ಮಾಡಿದ ಅತ್ತರು ತಗೊಳ್ಳಿ. ಅದನ್ನೂ ಆರತಕ್ಷತೆಗೆ ಮುಂಚೆ ಇನ್ನೊಮ್ಮೆ ಹಚ್ಚಬೇಕಾಗುತ್ತದೆ.

ನಿಂಬೆ, ಕಿತ್ತಳೆ ಘಮದ ಅಣುಗಳು ಹಗುರ. ಸೆಕೆಗೆ ಬೇಗ ಹಾರಿಹೋಗುತ್ತವೆ. ಗಂಧದ ಅಣುಗಳು ಭಾರವಾದ್ದರಿಂದ ಮೈಶಾಖಕ್ಕೆ ನಿಧಾನವಾಗಿ ಏಳುತ್ತವೆ. ಮಲ್ಲಿಗೆ ಸೆಂಟ್ ಮಾತ್ರ ಬೇಡ: ಕೊರಳಲ್ಲಿ ನಿಜವಾದ ಮಲ್ಲಿಗೆ ಹಾರವೇ ಇರುವಾಗ ಅದರ ಘಮ ಗೊತ್ತಾಗುವುದೇ ಇಲ್ಲ, ಮಧ್ಯಾಹ್ನ ಹೂ ಬಾಡಿದ ಮೇಲೆ ಎರಡೂ ಸೇರಿ ತಲೆನೋವು.

ಸ್ನಾನವಾದ ಮೇಲೆ ವಾಸನೆಯಿಲ್ಲದ ಕ್ರೀಮ್ ಸವರಿ, ಕಿವಿಯ ಹಿಂದೆ ಮತ್ತು ಮೊಣಕೈ ಒಳಮಡಿಕೆಗೆ ಒಂದೊಂದು ಹನಿ ಹಚ್ಚಿ. ಒಣ ಚರ್ಮ ಎಣ್ಣೆಯನ್ನು ಬೇಗ ಹೀರಿಬಿಡುತ್ತದೆ. ಮಣಿಕಟ್ಟಿಗೆ ಹಚ್ಚಿದರೆ ಧಾರೆ ನೀರಲ್ಲಿ ತೊಳೆದುಹೋಗುತ್ತದೆ. ಕತ್ತಿನ ಮುಂಭಾಗದಲ್ಲಿ ಹಾರ ಉಜ್ಜುತ್ತದೆ, ಫ್ಲ್ಯಾಶ್ ಬೆಳಕಿಗೆ ಎಣ್ಣೆ ಮಿನುಗುತ್ತದೆ. ಕಾಲು ಗಂಟೆ ಬಿಟ್ಟು ಸೀರೆ ಉಡಿ. ರೇಷ್ಮೆ ಮೇಲೆ ಬಿದ್ದ ಹನಿಯ ಕಲೆ ಫೋಟೋದಲ್ಲೂ ಕಾಣುತ್ತದೆ.

ಮಧ್ಯಾಹ್ನ ನಿಮಗೇ ಘಮ ಬರುತ್ತಿಲ್ಲ ಅನಿಸಿದರೆ ಮತ್ತೆ ಸುರಿದುಕೊಳ್ಳಬೇಡಿ. ಮೂಗು ಒಗ್ಗಿಹೋಗಿರುತ್ತದೆ, ಪಕ್ಕದಲ್ಲಿರುವವರನ್ನು ಕೇಳಿ.